ಅಕ್ಕನ ದಿಂಬಿನ ಕವರಿಗೆ ನಾಲ್ಕು ಸಾಲು

ಅಕ್ಕನಿಗೆ 'ಇಲ್ಲ' ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮೂವತ್ತೊಂದು ವರ್ಷ ನಮ್ಮ ಆಸ್ಪತ್ರೆಯ ಸ್ಟೋರಿನಲ್ಲಿ ಕೂತು ಊರಿಗೆಲ್ಲ 'ಇಲ್ಲ' ಎಂದವರು ಅವರು. ಈಗ ಅವರದೇ ಕುರ್ಚಿಯಲ್ಲಿ ಕೂತು, ಅವರು ಬಿಟ್ಟುಹೋದ ಸ್ಟೇಪ್ಲರಿನಿಂದಲೇ ಅವರ ಪ್ರಸ್ತಾವ ತಿರಸ್ಕರಿಸಿದ ಕಾಗದಕ್ಕೆ ಪಿನ್ನು ಹೊಡೆಯುವವನು ನಾನು. ಗುರುವಿಗೇ ತಿರುಮಂತ್ರ ಅಂದರೆ ಇದೇ ಇರಬೇಕು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಆಸ್ಪತ್ರೆಯಲ್ಲಿ ಡಾಕ್ಟರುಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕನೇ. ಮಂಚ, ಬಕೆಟ್ಟು, ಬ್ಯಾಂಡೇಜು, ಗಾಲಿಕುರ್ಚಿ, ಏನೇ ಕೊಳ್ಳಬೇಕಾದರೂ ಅವರ ಮೇಜು ದಾಟಿಯೇ ಹೋಗಬೇಕು. ಸಾಮಾನು ಮಾರಲು ಬರುವವರು ಮೊದಲ ಸಲ ಅವರನ್ನು ಕಂಡು ಹೆದರುತ್ತಿದ್ದರು. ಎರಡನೆಯ ಸಲ ಬಂದಾಗ ಮನೆಯ ಸುದ್ದಿ ಹೇಳುತ್ತಿದ್ದರು. ಮೂರನೆಯ ಸಲ, ಆರ್ಡರ್ ಸಿಗದೆ ಇದ್ದರೂ, "ಹೋಗ್ತಾ ದಾರೀಲಿ ಹಾಗೇ ಅಕ್ಕನ್ನ ಮಾತಾಡ್ಸಿಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಿದ್ದರು. ಬೇಡ ಅಂದವರ ಮನೆ ಬಾಗಿಲಿಗೆ ಯಾರಾದರೂ ಮಾತಾಡಿಸಲು ಬರುತ್ತಾರೆಯೆ? ಬರುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ.

ಅವರ ರೀತಿ ಬಹಳ ಸರಳ. ಅದನ್ನು ಕಲಿಯಲು ಮಾತ್ರ ನನಗೆ ಹನ್ನೆರಡು ವರ್ಷ ಹಿಡಿಯಿತು. ಬೇಡವಾದವರಿಗೆ ನಾಲ್ಕೇ ಸಾಲು: ನಿಮ್ಮ ಪ್ರಸ್ತಾವ ನೋಡಿದೆವು, ಈ ಸಲ ಆಯ್ಕೆಯಾಗಲಿಲ್ಲ. ಕಾರಣ ಇದು. ನಿಮ್ಮಲ್ಲಿ ಚೆನ್ನಾಗಿದ್ದದ್ದು ಇದು. ಮುಂದಿನ ಪ್ರಕಟಣೆ ಬಂದಾಗ ಮತ್ತೆ ಕಳಿಸಿ. ಕಾರಣ ನಿಜವಾಗಿರಬೇಕು, ಸಾಮಾನು ಪರೀಕ್ಷಿಸಿದವರು ಹಾಳೆಯಲ್ಲಿ ಬರೆದದ್ದೇ ಆಗಿರಬೇಕು. ಹೊಗಳಿಕೆಯೂ ಆ ಹಾಳೆಯಿಂದಲೇ ಬರಬೇಕು. ಪಕ್ಕದವನ ಸಾಮಾನು ಹೇಗಿತ್ತು, ಅವನ ದರ ಎಷ್ಟು ಎಂಬ ಮಾತೇ ಇಲ್ಲ. ಸೂಪರಿಂಟೆಂಡೆಂಟರ ಸಹಿ ಬೀಳುವವರೆಗೆ ಯಾರಿಗೂ ಉಸಿರು ಬಿಡುವಂತಿಲ್ಲ. ಬಿದ್ದ ದಿನವೇ ಎಲ್ಲರಿಗೂ ಹೇಳಬೇಕು. ಮಾದರಿಯಾಗಿ ಕೊಟ್ಟ ಸಾಮಾನನ್ನು ಎಣಿಸಿ ವಾಪಸ್ಸು ಕೊಡಬೇಕು.

ನಾನೋ, ಉದ್ದ ಕಾಗದಗಳ ಪ್ರೇಮಿ. 'ತಮ್ಮ ಘನ ಸಂಸ್ಥೆಯ ಅಮೂಲ್ಯ ಪ್ರಸ್ತಾವವನ್ನು ಅತ್ಯಂತ ಗೌರವಪೂರ್ವಕವಾಗಿ ಪರಾಮರ್ಶಿಸಿದ ತರುವಾಯ' ಎಂದು ಶುರುಮಾಡಿದರೆ ಮುಗಿಯುವ ಹೊತ್ತಿಗೆ ಓದುವವನಿಗೆ ಆರ್ಡರ್ ಸಿಕ್ಕಿತೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ. ಅಕ್ಕ ಕೆಂಪು ಪೆನ್ನು ತೆಗೆದು, ಕಳೆ ಕೀಳುವವರ ಹಾಗೆ ಒಂದೊಂದೇ ಸಾಲು ಹೊಡೆದುಹಾಕುತ್ತಿದ್ದರು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀಬೇಡ ಕಣೋ. ಅವನಿಗೆ ಆ ಕಡೇನೂ ಕಾಣಲ್ಲ, ಈ ಕಡೇನೂ ಕಾಣಲ್ಲ."

"ಬೇಜಾರು ಮಾಡ್ಕೋತಾರೆ ಅಕ್ಕ."

"ಮಾಡ್ಕೊಳ್ಳಲಿ. ಬೇಜಾರು ನಾಲ್ಕು ದಿನ ಇರುತ್ತೆ. ನೀನು ಮೂಗಿಗೆ ತುಪ್ಪ ಸವರಿ ಕಳಿಸಿದ್ರೆ ವರ್ಷಪೂರ್ತಿ ವಾಸನೆ ನೋಡ್ತಾ ಕೂರ್ತಾರೆ."

ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದಕ್ಕೇನು, ಯಾರು ಬೇಕಾದರೂ ಆಡಿಸಬಹುದು. ನನ್ನ ಕಿವಿ ಹಿಂಡಿದ್ದು ಚಕ್ರದ ಮೇಷ್ಟ್ರ ಪ್ರಕರಣ.

ಮೇಷ್ಟ್ರು ಒಂದು ಕಾಲದಲ್ಲಿ ಕೈಗಾರಿಕಾ ಶಾಲೆಯಲ್ಲಿ ವೆಲ್ಡಿಂಗ್ ಕಲಿಸುತ್ತಿದ್ದವರು. ಆರು ತಿಂಗಳು ನಾನೂ ಅವರ ಶಿಷ್ಯನಾಗಿದ್ದೆ. ಒಂದು ದಿನ ನಾನು ಬೆಸೆದ ಸ್ಟೂಲಿನ ಮೇಲೆ ಅವರೇ ಕೂತರು, ಸ್ಟೂಲು ಅವರನ್ನು ಹೊರಲಿಲ್ಲ. ಎದ್ದು ಪ್ಯಾಂಟು ಕೊಡವಿಕೊಂಡು, "ನಿನ್ನ ಕೈಗೆ ಇದು ಹತ್ತಲ್ಲ ಕಣಯ್ಯಾ. ಅಕ್ಷರ ಮುತ್ತಿನ ಹಾಗಿದೆ, ಎಲ್ಲಾದ್ರೂ ಗುಮಾಸ್ತನಾಗು" ಎಂದರು. ಅವತ್ತು ಅತ್ತಿದ್ದೆ. ಆದರೆ ಇವತ್ತು ನಾನು ಉಣ್ಣುತ್ತಿರುವ ಅನ್ನ ಆ ಮಾತಿನದು. ನಿವೃತ್ತಿಯ ಮೇಲೆ ಮೇಷ್ಟ್ರು ಮೂರು ಜನ ಕೆಲಸಗಾರರನ್ನು ಇಟ್ಟುಕೊಂಡು ಗಾಲಿಕುರ್ಚಿ ಮಾಡತೊಡಗಿದರು. ನಮ್ಮ ಆಸ್ಪತ್ರೆಗೆ ಇಪ್ಪತ್ತು ಕುರ್ಚಿ ಬೇಕೆಂದು ಪ್ರಕಟಣೆ ಹೊರಟಾಗ ಅವರೂ ಪ್ರಸ್ತಾವ ಕಳಿಸಿ, ಒಂದು ಕುರ್ಚಿಯನ್ನು ಮಾದರಿಗೆಂದು ತಂದಿಟ್ಟರು.

ಎಂಥ ಕುರ್ಚಿ ಅದು! ಕೂತರೆ ಏಳಲು ಮನಸ್ಸಾಗದು. ಹದಿನೈದು ದಿನ ವಾರ್ಡಿನಲ್ಲಿ ಓಡಾಡಿತು. ರೋಗಿಗಳು "ಅದೇ ಕುರ್ಚಿ ತನ್ನಿ" ಎಂದು ಹಟ ಹಿಡಿಯುತ್ತಿದ್ದರು. ಆದರೆ ನಮ್ಮದು ಇಳಿಜಾರಿನ ದಾರಿಯಿರುವ ಹಳೆಯ ಕಟ್ಟಡ. ನೆಲ ಒರೆಸಿ ಹಸಿಯಾಗಿದ್ದಾಗ ಬ್ರೇಕು ಹಾಕಿ ನಿಲ್ಲಿಸಿದರೆ ಕುರ್ಚಿ ಗೇಣುದ್ದ ಜಾರುತ್ತಿತ್ತು. ಹತ್ತು ಸಲ ನಿಲ್ಲಿಸಿದರೆ ನಾಲ್ಕು ಸಲ ಜಾರಿತು. ಬ್ರೇಕಿನ ರಬ್ಬರು ಗಾಲಿಯನ್ನು ಸರಿಯಾಗಿ ಕಚ್ಚುತ್ತಿರಲಿಲ್ಲ. ಬ್ರೇಕು ಕಡ್ಡಾಯ ಎಂದು ಪ್ರಕಟಣೆಯಲ್ಲೇ ಇತ್ತು. ಹೆಡ್ ನರ್ಸಮ್ಮ, ರಿಪೇರಿ ವಿಭಾಗದವರು, ಅಕ್ಕ, ಮೂವರೂ ಹಾಳೆಯಲ್ಲಿ ಅದನ್ನೇ ಬರೆದರು. ಬೇರೆಯವರ ಕುರ್ಚಿ ಆಯ್ಕೆಯಾಯಿತು.

ಸೂಪರಿಂಟೆಂಡೆಂಟರ ಸಹಿ ಬಿದ್ದ ದಿನ ಅಕ್ಕ ರಜೆಯಲ್ಲಿದ್ದರು, ಅವರ ತಂಗಿಗೆ ಆಪರೇಷನ್ನು. ಫೋನಿನಲ್ಲೇ ನಾಲ್ಕು ಸಾಲು ಹೇಳಿದರು. "ಬ್ರೇಕಿನ ವಿಷಯ ಬಿಡಬೇಡ. ಆಮೇಲೆ ಫೋನ್ ಮಾಡಿ ಬಾಯಲ್ಲೂ ಹೇಳು, ಪಾಪ ಹಿರಿಯರು."

ನಾನು ಕಾಗದದ ಮುಂದೆ ಕೂತೆ. ಬಿದ್ದ ಸ್ಟೂಲು ಕಣ್ಣ ಮುಂದೆ ಬಂತು. ಆ ಮೇಷ್ಟ್ರಿಗೆ ನಾನು ಬ್ರೇಕಿನ ಪಾಠ ಹೇಳುವುದೇ? ಕೈ ಏಳಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದುಕೊಂಡು ಒಂದು ಪುಟ ತುಂಬ ಬರೆದೆ. 'ತಮ್ಮ ಕುರ್ಚಿಯು ನಮ್ಮ ಆಸ್ಪತ್ರೆಯ ಪರೀಕ್ಷೆಯಲ್ಲಿ ಎಲ್ಲರ ಮೆಚ್ಚುಗೆಗೆ ಪಾತ್ರವಾಗಿದೆ. ಆದಾಗ್ಯೂ ಅಗತ್ಯ ಸೀಮಿತವಾಗಿರುವ ಕಾರಣ ಈ ಬಾರಿ ಅವಕಾಶ ಕಲ್ಪಿಸಲಾಗಿಲ್ಲ. ಮುಂಬರುವ ದಿನಗಳಲ್ಲಿ ಖಂಡಿತ ಪರಿಗಣಿಸಲಾಗುವುದು.' ಉಸ್ತುವಾರಿ ಎಂದು ನನ್ನದೇ ಸಹಿ ಹಾಕಿದೆ. ಫೋನು ಮಾಡಲಿಲ್ಲ. ಮನಸ್ಸಿಗೆ ಹಾಯೆನಿಸಿತು. ಒಬ್ಬ ಹಿರಿಯರ ಮನಸ್ಸು ಉಳಿಸಿದೆ ಎಂಬ ಹೆಮ್ಮೆ ಬೇರೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಮೂರು ವಾರದ ಮೇಲೆ ಮೇಷ್ಟ್ರು ಮಾದರಿ ಕುರ್ಚಿ ತೆಗೆದುಕೊಂಡು ಹೋಗಲು ಬಂದರು. ಅಕ್ಕ ರಜೆ ಮುಗಿಸಿ ಬಂದಿದ್ದರು. ಮೇಷ್ಟ್ರ ಮುಖದಲ್ಲಿ ಬೇಜಾರೇ ಇಲ್ಲ.

"ಆರ್ಡರ್ ಹೋದ್ರೆ ಹೋಯ್ತು ಮೇಡಂ. ನಿಮ್ಮ ಕಾಗದ ಮಾತ್ರ ಬಂಗಾರದಂಥದ್ದು. ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದೀನಿ. ವೃದ್ಧಾಶ್ರಮದವರು ಬಂದಿದ್ರು, ಅದನ್ನ ಓದಿ ಅಲ್ಲೇ ಹನ್ನೆರಡು ಕುರ್ಚಿಗೆ ಒಪ್ಪಿಕೊಂಡ್ರು. ದೊಡ್ಡಾಸ್ಪತ್ರೆಯವರೇ ಪರೀಕ್ಷೆ ಮಾಡಿ ಮೆಚ್ಚಿದ್ದಾರೆ ಅಂದ್ಮೇಲೆ ಇನ್ನೇನು ನೋಡೋದು ಅಂದ್ರು. ನಾಳಿದ್ದು ಕಳಿಸ್ತೀವಿ."

ಅಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಕ್ಕ ಫೈಲು ತೆಗೆದು, ನಾನು ಕಳಿಸಿದ ಕಾಗದದ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಕೆಂಪು ಪೆನ್ನು ಮುಟ್ಟಲಿಲ್ಲ. ನನಗೆ ಅದೇ ದೊಡ್ಡ ಶಿಕ್ಷೆ.

"ಮೇಷ್ಟ್ರೇ, ಸ್ವಲ್ಪ ಕೂತ್ಕೊಳ್ಳಿ" ಎಂದರು. "ಈ ಕಾಗದ ತಪ್ಪು. ಕಳಿಸಿದ್ದು ನಮ್ಮ ಸ್ಟೋರು, ಹಾಗಾಗಿ ತಪ್ಪು ನಂದೇ. ನಿಮ್ಮ ಕುರ್ಚಿ ಬೇಡ ಅಂದಿದ್ದಕ್ಕೆ ಕಾರಣ ಬ್ರೇಕು. ಹಸಿ ಇಳಿಜಾರಲ್ಲಿ ಹತ್ತಕ್ಕೆ ನಾಲ್ಕು ಸಲ ಜಾರ್ತು."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಎದ್ದು ನಿಂತರು. ತಮ್ಮ ಕುರ್ಚಿಯನ್ನು ತಾವೇ ತಳ್ಳಿಕೊಂಡು ಹಿಂದಿನ ಇಳಿಜಾರಿಗೆ ಹೋದರು. ನನ್ನ ಕೈಯಲ್ಲೇ ಒಂದು ಬಕೆಟ್ಟು ನೀರು ತರಿಸಿ ಸುರಿಸಿದರು. ಬ್ರೇಕು ಹಾಕಿದರು. "ಕೂತ್ಕೋ" ಎಂದರು ನನಗೆ. ಕೂತೆ. ಮೊದಲ ಸಲ ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಕುರ್ಚಿ ನನ್ನನ್ನು ಹೊತ್ತು ಮೆಲ್ಲಗೆ ಕೆಳಗೆ ಹೊರಟಿತು. ಮೇಷ್ಟ್ರೇ ಓಡಿಬಂದು ಹಿಡಿದರು.

"ಆ ಆಶ್ರಮದಲ್ಲಿ ಬಾಗಿಲಲ್ಲೇ ಇಳಿಜಾರು" ಎಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಸ್ಟೂಲು ಚೆನ್ನಾಗಿದೆ ಅಂತ ನಾನು ಹೇಳಿದ್ನೇನಯ್ಯಾ ನಿನಗೆ?" ಎಂದರು. ಅಷ್ಟೇ. ಅದಕ್ಕಿಂತ ದೊಡ್ಡ ಬೈಗುಳ ನನ್ನ ಜೀವಮಾನದಲ್ಲಿ ಕೇಳಿಲ್ಲ.

ಮರುಕ್ಷಣ ಅವರಿಗೊಂದು ಆಸೆ ಹುಟ್ಟಿತು. "ಮೇಡಂ, ನಾಳೆ ಸಂಜೆಯೊಳಗೆ ಬ್ರೇಕು ಬದಲಾಯಿಸಿ ತರ್ತೀನಿ. ಫೈಲು ಇನ್ನೊಂದ್ಸಲ ತೆಗೀರಿ."

ನನಗೆ ಅಯ್ಯೋ ಅನ್ನಿಸಿತು, ತೆಗೆಯಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕ ಮೇಷ್ಟ್ರ ಕೈ ಹಿಡಿದುಕೊಂಡರು. "ಆಗಲ್ಲ ಮೇಷ್ಟ್ರೇ. ಉಳಿದವರಿಗೂ ಒಂದೇ ಅವಕಾಶ ಕೊಟ್ಟಿದ್ದು. ನಿಮಗೆ ಎರಡು ಕೊಟ್ರೆ ನಾಳೆ ನಿಮಗೇ ಯಾರೋ ಮೋಸ ಮಾಡಿದಾಗ ಕೇಳೋಕೆ ನನಗೆ ಬಾಯಿರಲ್ಲ. ಮುಂದಿನ ಪ್ರಕಟಣೆಗೆ ತನ್ನಿ. ಆಗ ಇದೇ ಇಳಿಜಾರಿನ ಮೇಲೆ ನೋಡ್ತೀವಿ."

ಮೇಷ್ಟ್ರು ಆ ಹನ್ನೆರಡು ಕುರ್ಚಿ ಕಳಿಸಲಿಲ್ಲ. ಆಶ್ರಮದವರಿಗೆ ತಾವೇ ಹೋಗಿ ವಿಷಯ ಹೇಳಿ, ಒಂದು ತಿಂಗಳ ಸಮಯ ಕೇಳಿ, ಬ್ರೇಕು ಬದಲಾಯಿಸಿ ಕೊಟ್ಟರು. ಅಕ್ಕ ಅದೇ ದಿನ ಹೊಸ ಕಾಗದ ಬರೆಸಿದರು, ಹಳೆಯದನ್ನು ವಾಪಸ್ಸು ಪಡೆದರು. ಮೇಷ್ಟ್ರು ಹೊಸ ಕಾಗದವನ್ನೂ ಅದೇ ಕಟ್ಟಿನೊಳಗೆ ಹಾಕಿ ಅದೇ ಮೊಳೆಗೆ ತೂಗು ಹಾಕಿದರಂತೆ. 'ಬ್ರೇಕು ಹಸಿ ಇಳಿಜಾರಿನಲ್ಲಿ ಜಾರಿತು' ಎಂಬ ಕಾಗದವನ್ನು ಬಂದವರಿಗೆಲ್ಲ ತೋರಿಸಿ, ಈಗಿನ ಬ್ರೇಕನ್ನು ಪರೀಕ್ಷೆ ಮಾಡಿ ನೋಡಿ ಎನ್ನುತ್ತಾರಂತೆ. ಎರಡು ವರ್ಷದ ಮೇಲೆ ನಮ್ಮ ಆರ್ಡರೂ ಅವರಿಗೇ ಹೋಯಿತು.

ಅಕ್ಕ ನನ್ನನ್ನು ಬೈಯಲೇ ಇಲ್ಲ. ಮರುದಿನ ಮೇಜಿನ ಮೇಲೆ ಖಾಲಿ ಹಾಳೆ ಇಟ್ಟು, "ಇನ್ನು ಮೇಲೆ ಕಾಗದ ನೀನೇ ಬರಿ, ನಾನು ತಿದ್ದಲ್ಲ. ಮೊದಲು ಬಾಯಲ್ಲಿ ಹೇಳೋಕಾಗುತ್ತಾ ನೋಡು, ಆದ್ರೆ ಬರಿ" ಎಂದರು. ನಾನು ಅವರನ್ನು ಇಷ್ಟಪಡತೊಡಗಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ದಿನ ಎನ್ನುತ್ತೇನೆ.

ನಿವೃತ್ತಿಯಾದ ಮೇಲೆ ಅಕ್ಕ ಸುಮ್ಮನೆ ಕೂರುವ ಜೀವವೇ? ತಂಗಿಯ ಜೊತೆ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಹಾಕಿದರು. ಭಾವ, ಅಂದರೆ ಅಕ್ಕನ ಯಜಮಾನರು, ಗುಂಡಿ ಹಚ್ಚುವುದಕ್ಕೂ ಟೀ ಮಾಡುವುದಕ್ಕೂ ನೇಮಕಗೊಂಡರು. "ಸಂಬಳ ಇಲ್ಲ, ರಜೆಯೂ ಇಲ್ಲ, ತಪ್ಪಾದ್ರೆ ನಾಲ್ಕು ಸಾಲಿನ ಕಾಗದ ಕೊಡ್ತಾಳೆ ಕಣಯ್ಯಾ" ಎಂದು ಕಂಡಾಗಲೆಲ್ಲ ಗೋಳಾಡುವರು. ಹಳೆಯ ನೌಕರರು ನಿವೃತ್ತಿಯಾಗಿ ಎರಡು ವರ್ಷ ಕಳೆಯುವವರೆಗೆ ನಮ್ಮಲ್ಲಿ ಪ್ರಸ್ತಾವ ಹಾಕುವಂತಿಲ್ಲ ಎಂಬ ನಿಯಮವಿದೆ. ಅಕ್ಕ ಎರಡು ವರ್ಷ ಕಳೆದು, ಮೇಲೆ ಇನ್ನೂ ಒಂದು ತಿಂಗಳು ಕಾದು, ದಿಂಬಿನ ಕವರಿನ ಪ್ರಕಟಣೆಗೆ ಪ್ರಸ್ತಾವ ಕಳಿಸಿದರು. ನಾಲ್ಕು ಹೆಂಗಸರಿಗೆ ವರ್ಷಪೂರ್ತಿ ಕೆಲಸ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ. ನನಗೆ ಅದರ ಬಗ್ಗೆ ಒಂದೇ ಒಂದು ಸಲವೂ ಫೋನು ಮಾಡಲಿಲ್ಲ.

ಲಕೋಟೆಯ ಮೇಲಿನ ಅಕ್ಷರ ನೋಡಿದ್ದೇ ನಾನು ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, "ಸಾರ್, ಇವರು ನನಗೆ ಮನೆಯವರಿದ್ದ ಹಾಗೆ. ನಾನು ಅಂಕ ಹಾಕಲ್ಲ" ಎಂದೆ. ನನ್ನ ಬದಲು ಔಷಧ ವಿಭಾಗದವರು ಸಮಿತಿಯಲ್ಲಿ ಕೂತರು. ಮೂರು ಕಡೆಯಿಂದ ಬಂದ ಕವರುಗಳಿಗೆ ಆಫೀಸಿನವರು ಹೆಸರು ತೆಗೆದು ಒಂದು, ಎರಡು, ಮೂರು ಎಂದು ಗುರುತು ಹೊಲಿಸಿದರು. ಲಾಂಡ್ರಿಯಲ್ಲಿ ಇಪ್ಪತ್ತು ಸಲ ಕುದಿಯುವಂಥ ನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಟೇಪು ಹಿಡಿದು ಅಳೆದರು. ಎರಡನೆಯ ಗುರುತಿನ ಕವರಿನ ಹೊಲಿಗೆ ಎಳೆದರೂ ಬಿಚ್ಚಲಿಲ್ಲ. ಆದರೆ ಅದು ಉದ್ದದಲ್ಲಿ ಎರಡು ಇಂಚು ಕುಗ್ಗಿತ್ತು. ದಿಂಬಿಗೆ ತೊಡಿಸಿದರೆ, ವರ್ಷದಲ್ಲಿ ಬೆಳೆದುಬಿಟ್ಟ ಮಗುವಿಗೆ ಹಳೆಯ ಅಂಗಿ ಹಾಕಿದ ಹಾಗೆ ಕಾಣುತ್ತಿತ್ತು. ಲಾಂಡ್ರಿ ಮೇಸ್ತ್ರಿ ನಗುತ್ತ ತೋರಿಸಿದ. ಸಹಿಯಾದ ಮೇಲೆ ಆಫೀಸಿನ ಪಟ್ಟಿ ತೆಗೆದು ಯಾವ ಗುರುತು ಯಾರದೆಂದು ನೋಡಿದಾಗ ಅವನ ನಗುವೂ ನಿಂತಿತು.

ಎರಡನೆಯದು ಅಕ್ಕನದು.

"ನೀನು ಹೇಳ್ತೀಯಾ, ನಾನು ಟಪಾಲಿಗೆ ಹಾಕಿಸ್ಲಾ?" ಎಂದರು ಸೂಪರಿಂಟೆಂಡೆಂಟರು. ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ನನ್ನ ಕಾಲು ಆ ಬಾಗಿಲ ಕಡೆಗೇ ತಿರುಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಕ ನನ್ನ ಮೇಲೆ ಮುನಿಸಿಕೊಂಡರೆ ಈ ಊರಿನಲ್ಲಿ ಕಷ್ಟಸುಖ ಹೇಳಿಕೊಳ್ಳಲು ನನಗೆ ಇನ್ನೊಂದು ಮನೆಯಿಲ್ಲ. ಆದರೂ "ನಾನೇ ಹೋಗ್ತೀನಿ ಸಾರ್" ಅಂದೆ. ಕಾಗದ ಬರೆದೆ. ಮೊದಲು ಬಾಯಲ್ಲಿ ಹೇಳಿ ನೋಡಿದೆ, ಖಾಲಿ ಸ್ಟೋರಿನಲ್ಲಿ, ಬಕೆಟ್ಟುಗಳ ಮುಂದೆ ನಿಂತು.

ಮಧ್ಯಾಹ್ನ ಹೋದೆ. ಅಕ್ಕ ಯಂತ್ರದ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದರು. ನನ್ನ ಕೈಯಲ್ಲಿದ್ದ ಕವರಿನ ಕಟ್ಟು ನೋಡಿದರು. ಮಾದರಿ ವಾಪಸ್ಸು ಬಂದರೆ ಏನರ್ಥ ಎಂದು ಅವರಿಗೆ ಯಾರು ಹೇಳಬೇಕು? ಭಾವ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತರು.

"ಅಕ್ಕ, ಈ ಸಲ ನಿಮ್ಮದು ಆಯ್ಕೆಯಾಗ್ಲಿಲ್ಲ. ಬಿಸಿ ಒಗೆತದಲ್ಲಿ ಎರಡು ಇಂಚು ಕುಗ್ತು."

ಅಂದುಬಿಟ್ಟೆ. ಕೋಣೆಯಲ್ಲಿ ಉಳಿದ ಮೂರು ಯಂತ್ರಗಳೂ ಒಂದೊಂದಾಗಿ ನಿಂತವು.

"ಸಾಧ್ಯವೇ ಇಲ್ಲ" ಎಂದರು ಅಕ್ಕನ ತಂಗಿ. "ನಾವೇ ಇಪ್ಪತ್ತು ಸಲ ಒಗೆದು ನೋಡಿದ್ದೀವಿ."

"ಎಲ್ಲಿ?" ಎಂದೆ.

"ಇಲ್ಲೇ, ಮನೇಲಿ."

"ತಣ್ಣೀರಲ್ಲೇನಾ?"

ತಂಗಿ ಅಕ್ಕನ ಮುಖ ನೋಡಿದರು. ಅಕ್ಕ ಕನ್ನಡಕ ತೆಗೆದರು. ಆ ಲಾಂಡ್ರಿಗೆ ಬಾಯ್ಲರು ಕೊಂಡವರೇ ಅವರು! ಬಿಸಿ ನೀರು ಎಂಬ ನಿಯಮ ಪ್ರಕಟಣೆಗೆ ಬರೆದವರೂ ಅವರೇ. ಇಷ್ಟು ವರ್ಷ ಬೇರೆಯವರ ಬಟ್ಟೆಯನ್ನು ಕುದಿಸಿ ನೋಡಿದವರು, ತಮ್ಮದೆಂಬ ಮಮತೆಗೆ ಸಿಕ್ಕಿ, ಕಸೂತಿ ಸೀರೆ ಒಗೆಯುವ ಹಾಗೆ ಮೆತ್ತಗೆ ಒಗೆದಿದ್ದರು.

ಅಕ್ಕ ಕನ್ನಡಕವನ್ನು ಸೆರಗಿನಿಂದ ಒರೆಸಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಬೇರೆಯವರದು ಎಷ್ಟು ಕುಗ್ತು?"

"ಅದು ಹೇಳೋ ಹಾಗಿಲ್ಲ ಅಕ್ಕ."

"ನನಗೂ?"

"ನಿಮಗೂ."

ಅಕ್ಕ ಕೈ ಚಾಚಿದರು, ಕಾಗದ ಕೊಟ್ಟೆ. ಅವರ ಕೈ ಅಭ್ಯಾಸಬಲದಿಂದ ಮೇಜಿನ ಮೇಲೆ ತಡಕಾಡಿ ಕೆಂಪು ಪೆನ್ನು ಹುಡುಕಿತು, ಮುಚ್ಚಳ ತೆಗೆಯಿತು. ಹೊಲಿಗೆಯ ಗುರುತು ಹಾಕಲು ಈಗಲೂ ಅದೇ ಪೆನ್ನು.

'ದಿಂಬಿನ ಕವರ್ ಒದಗಿಸಲು ತಾವು ಕಳಿಸಿದ ಪ್ರಸ್ತಾವವನ್ನು ಪರಿಶೀಲಿಸಿದೆವು. ಈ ಸಲ ಆಯ್ಕೆ ಮಾಡಲಾಗಲಿಲ್ಲ. ಇಪ್ಪತ್ತು ಬಿಸಿ ಒಗೆತದ ನಂತರ ಕವರ್ ಉದ್ದದಲ್ಲಿ ಎರಡು ಇಂಚು ಕುಗ್ಗಿತು. ನಮ್ಮ ಮಿತಿ ಅರ್ಧ ಇಂಚು. ಹೊಲಿಗೆ ಎಲ್ಲಿಯೂ ಬಿಚ್ಚಲಿಲ್ಲ. ಮುಂದಿನ ಪ್ರಕಟಣೆ ಬಂದಾಗ ದಯವಿಟ್ಟು ಮತ್ತೆ ಕಳಿಸಿ.'

ಅಕ್ಕ ಒಂದು ಸಲ ಓದಿದರು. ಪೆನ್ನಿನ ತುದಿ ಸಾಲುಗಳ ಮೇಲೆ ಓಡಾಡಿತು, ಎಲ್ಲಿಯೂ ಇಳಿಯಲಿಲ್ಲ. ಇನ್ನೊಂದು ಸಲ ಓದಿ ಪೆನ್ನಿಗೆ ಮುಚ್ಚಳ ಹಾಕಿದರು.

"ನೋವಾಯ್ತು ಕಣೋ" ಎಂದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಇಷ್ಟು ವರ್ಷ ಎಷ್ಟೋ ಜನಕ್ಕೆ ಕೊಟ್ಟೆ ಇದನ್ನ. ಹೀಗಿರುತ್ತೆ ಅಂತ ಗೊತ್ತಿರ್ಲಿಲ್ಲ." ಪೆನ್ನು ಪಕ್ಕಕ್ಕಿಟ್ಟು, "ಆದ್ರೆ ಇದನ್ನ ಬೇರೆ ಯಾರೋ ತಂದು ಕೊಟ್ಟಿದ್ರೆ ಇನ್ನೂ ನೋವಾಗ್ತಿತ್ತು" ಎಂದು, ಕಾಗದವನ್ನು ತಂಗಿಯ ಕೈಗಿತ್ತು, ಯಂತ್ರದ ಮೇಲಿನ ಗೋಡೆಗೆ ಅಂಟಿಸಲು ಹೇಳಿದರು. ಬಟ್ಟೆಯನ್ನು ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ನೆನೆಸಿ ಕುಗ್ಗಿಸಿಕೊಳ್ಳಬೇಕು ಎಂದು ಇಬ್ಬರೂ ಆಗಲೇ ಮಾತಿಗಿಳಿದರು.

ನಾನು ಭಾವನ ಕೈಯಿಂದ ಟೀ ತೆಗೆದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅಕ್ಕ ವಾಪಸ್ಸು ಬಂದ ಕವರುಗಳನ್ನು ಎಣಿಸುತ್ತಿದ್ದರು. ಆರಕ್ಕೆ ಆರೂ ಇದ್ದವು. ಎಣಿಸಿ ಮುಗಿಸಿ ಹೊಲಿಗೆಯವರ ಮುಖದಿಂದ ಸ್ಟೋರಿನವರ ಮುಖಕ್ಕೆ ತಿರುಗಿದರು.

"ಸಹಿ ಬಿದ್ದದ್ದು ಇವತ್ತೇ ಅಲ್ವಾ. ಉಳಿದವರಿಗೆಲ್ಲ ಹೇಳಿದ್ಯಾ?"

"ಇಲ್ಲ ಅಕ್ಕ. ಮೊದಲು ನಿಮ್ಮಲ್ಲಿಗೆ ಬಂದೆ."

"ಹಾಗಾದ್ರೆ ಇಲ್ಲೇನು ಟೀ ಕುಡೀತಾ ಕೂತಿದ್ದೀಯಾ? ಹೊರಡು. ಅವರೂ ಬೆಳಗ್ಗಿಂದ ಕಾಯ್ತಾ ಇರ್ತಾರೆ."

ಟೀ ಅರ್ಧದಲ್ಲೇ ಬಿಟ್ಟು ಎದ್ದೆ.